ಮೂವರು ಗುತ್ತೇದಾರರಿಗೆ ಒಂದೇ ಪತ್ರ

ಬಸವಕಲ್ಯಾಣದ ಕೋಟೆಯ ಆಸುಪಾಸಿನ ಹಳೆಯ ಓಣಿಗಳಲ್ಲಿ ಇಂದಿಗೂ ಉಳಿದು ನಿಂತಿರುವ, ಎರಡಡಿ ದಪ್ಪದ ಕಲ್ಲುಗೋಡೆಗಳ ಮೇಲೆ ಮಣ್ಣಿನ ಮಾಳಿಗೆಯನ್ನು ಹೊತ್ತ ಮನೆಗಳಲ್ಲಿ, ಪಡಸಾಲೆಗೆ ನೆಲಹಾಸು ಬದಲಾಗಿ, ದೇವರ ಕೋಣೆಗೆ ಅಮೃತಶಿಲೆ ಬಂದು, ಬಾಗಿಲಿಗೆ ಹೊಸ ಬಣ್ಣ ಏರಿದ ಎಷ್ಟೋ ವರ್ಷಗಳ ಅನಂತರ, ಕಟ್ಟಕಡೆಗೆ ಸರದಿ ಬರುವುದು ಅಡುಗೆಮನೆಗೆ. ಹೀಗೆ ತಡವಾಗಿ ಬಂದ ಸರದಿಯಾದುದರಿಂದಲೋ ಏನೋ, ಆ ಕೆಲಸವನ್ನು ಹಿಡಿಯುವ ಕ್ರಮವೂ ಅವಸರದ್ದೇ ಆಗಿರುತ್ತದೆ. ಯಜಮಾನರು ಊರಿನ ಇಬ್ಬರು ಗುತ್ತೇದಾರರನ್ನು ಕರೆಯುತ್ತಾರೆ. ಬೀಗರ ಪೈಕಿ ಯಾರೋ ಹೇಳಿದರೆಂದು ಹುಮನಾಬಾದಿನಿಂದ ಮತ್ತೊಬ್ಬರನ್ನು ಕರೆಸುತ್ತಾರೆ. ಮೂವರೂ ಬಂದು, ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ, ಚಹಾ ಕುಡಿದು, ಒಂದೊಂದು ಮೊತ್ತವನ್ನು ಬಾಯಲ್ಲಿ ಹೇಳಿ ಹೋಗುತ್ತಾರೆ. ಅತ್ಯಂತ ಕಡಮೆಯದನ್ನು ಕಂಡು ಸಂಶಯ, ಅತ್ಯಂತ ಹೆಚ್ಚಿನದನ್ನು ಕಂಡು ಭಯ. ಕೊನೆಗೆ ನಡುವಿನವನೇ ಗೆಲ್ಲುತ್ತಾನೆ.

ಈ ಪದ್ಧತಿಯ ದೋಷವು ಗುತ್ತೇದಾರರ ಪ್ರಾಮಾಣಿಕತೆಗೆ ಸಂಬಂಧಿಸಿದುದಲ್ಲ. ಮೂವರೂ ಸತ್ಯವನ್ನೇ ಹೇಳಿರಬಹುದು. ಆದರೆ ಮೂವರು ಹೇಳಿದುದು ಮೂರು ಬೇರೆ ಬೇರೆ ಅಡುಗೆಮನೆಗಳ ಬೆಲೆಯನ್ನು. ಆದುದರಿಂದ ಮನೆಯ ಯಜಮಾನನು ಬರೆಯತಕ್ಕ ಪತ್ರದ ಮೊದಲ ಕಾರ್ಯವು ಬೆಲೆಯನ್ನು ಕೇಳುವುದಲ್ಲ, ಯಾವ ಕೆಲಸಕ್ಕೆ ಬೆಲೆ ಎಂಬುದನ್ನು ತಾನೇ ನಿಶ್ಚಯಿಸಿ, ಅಳತೆಯನ್ನೂ ಮಾಲಿನ ಗುಣವನ್ನೂ ಬರೆದಿಟ್ಟು, ದರದ ಜಾಗವೊಂದನ್ನು ಮಾತ್ರ ಖಾಲಿ ಬಿಡುವುದು. ಸರಕಾರಿ ಲೋಕೋಪಯೋಗಿ ಕಾಮಗಾರಿಗಳಲ್ಲಿ ಬಾಬು ಬಾಬಾಗಿ ಪರಿಮಾಣ ಬರೆದು ಟೆಂಡರು ಕರೆಯುವ ಕ್ರಮ ಬಹು ಕಾಲದಿಂದ ನಡೆದುಬಂದಿದೆ. ಆ ಶಿಸ್ತಿನ ಒಂದು ಹಿಡಿಯಷ್ಟನ್ನು ಮನೆಗೆ ತಂದರೂ ಸಾಕಾಗುತ್ತದೆ.

ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ಇದರೊಳಗಿನ ರೂಪಾಯಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕೆ ಹಾಕಿದವುಗಳೇ ವಿನಾ ಇಂದಿನ ಪೇಟೆಯ ಧಾರಣೆಯೆಂದು ಯಾರೂ ಹಿಡಿಯಬಾರದು. ನಿವೃತ್ತ ಉಪಾಧ್ಯಾಯರೊಬ್ಬರ ಮನೆ. ಅಡುಗೆಮನೆ 12 ಅಡಿ ಉದ್ದ, 9 ಅಡಿ ಅಗಲ. ಎರಡು ಗೋಡೆಗಳ ಮೂಲೆ ಹಿಡಿದು ಅಡುಗೆಕಟ್ಟೆ, ಒಂದು ಕಡೆ 10 ಅಡಿ, ಇನ್ನೊಂದು ಕಡೆ 6 ಅಡಿ, ಅಗಲ 2 ಅಡಿ. ಕಟ್ಟೆಯ ಹಿಂದಿನ ಗೋಡೆಗೆ ಟೈಲ್ಸು; ಬೆಳಕು ಸಾಲದ ಹಳೆಯ ಕಿರುಗಿಂಡಿಯನ್ನು ಒಡೆದು 3 ಅಡಿ ಅಗಲ, 4 ಅಡಿ ಎತ್ತರದ ಕಿಟಕಿ; ಹೊಸ ನಲ್ಲಿ, ಸಿಂಕು, ವೈರಿಂಗು. ಬಾಯಿಮಾತಿನಲ್ಲಿ ಬಂದ ಮೊತ್ತಗಳು: ಊರಿನ ಮೊದಲನೆಯವರದು 1,60,000, ಎರಡನೆಯವರದು 1,85,000, ಹುಮನಾಬಾದಿನವರದು 2,10,000. ಒಂದೇ ಕೋಣೆಗೆ 50,000 ರೂಪಾಯಿ ಅಂತರ. ಉಪಾಧ್ಯಾಯರಾದ ಕಾರಣ ಅವರಿಗೆ ಇದು ಉತ್ತರಪತ್ರಿಕೆಯ ಸಮಸ್ಯೆಯಲ್ಲ, ಪ್ರಶ್ನಪತ್ರಿಕೆಯ ಸಮಸ್ಯೆ ಎಂದು ಹೊಳೆಯಿತೆಂದು ಭಾವಿಸೋಣ.

ಪತ್ರವನ್ನು ಆರಂಭಿಸುವುದರಲ್ಲಿಯೇ ನಮ್ಮ ಸೀಮೆಯಲ್ಲಿ ಒಂದು ಸೂಕ್ಷ್ಮವುಂಟು. ಗುತ್ತೇದಾರನು ಬಹುಶಃ ಅದೇ ಓಣಿಯವನು, ಮದುವೆ ಮುಂಜಿಗಳಲ್ಲಿ ಎದುರಾಗುವವನು. ಅವನಿಗೆ ಕಾಗದ ಕೊಟ್ಟರೆ, "ಕಾಗದ ಯಾಕ್ರಿ ಸರ್, ನಿಮ್ಮ ಹತ್ರ ನಾವು ಹೆಚ್ಚು ತಗೋತೀವೇನ್ರಿ?" ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಆ ಮಾತಿಗೆ ಪತ್ರದ ಮೊದಲ ಸಾಲುಗಳಲ್ಲಿಯೇ ಉತ್ತರವಿರಬೇಕು. ಹೀಗೆ ಬರೆಯಬಹುದು:

"ಶ್ರೀಯುತ ಗುತ್ತೇದಾರರಿಗೆ ಶರಣು ಶರಣಾರ್ಥಿಗಳು. ತಾವು ನಮ್ಮ ಮನೆಗೆ ಬಂದು ಅಡುಗೆಮನೆಯನ್ನು ನೋಡಿ ಹೋದಿರಿ. ತಮ್ಮ ಮಾತಿನ ಮೇಲೆ ಅವಿಶ್ವಾಸದಿಂದ ಈ ಪತ್ರ ಬರೆದುದಲ್ಲ. ನಾನು ಏನು ಬೇಕೆಂದು ಸರಿಯಾಗಿ ಹೇಳದೆ ತಮ್ಮಿಂದ ಮೊತ್ತವನ್ನು ಕೇಳಿದುದು ಯುಕ್ತವಾಗಲಿಲ್ಲವೆಂದು ತೋರಿ, ಕೆಲಸದ ವಿವರವನ್ನು ಬರೆದು ಕಳುಹಿಸುತ್ತಿದ್ದೇನೆ. ಇದೇ ಪತ್ರವನ್ನು ಇನ್ನಿಬ್ಬರಿಗೂ ಕಳುಹಿಸಿರುತ್ತೇನೆ. ಒಬ್ಬರ ದರವನ್ನು ಮತ್ತೊಬ್ಬರಿಗೆ ತಿಳಿಸಲಾರೆನು. ಆದರೆ ಯಾರಾದರೂ ಒಬ್ಬರು ಕೇಳಿದ ಪ್ರಶ್ನೆಗೆ ನಾನು ಕೊಡುವ ಉತ್ತರವನ್ನು ಮೂವರಿಗೂ ತಿಳಿಸುವೆನು. ಕೆಳಗಿನ ಪ್ರತಿಯೊಂದು ಬಾಬಿಗೂ ಮಾಲು ಎಷ್ಟು, ಮಜೂರಿ ಎಷ್ಟು ಎಂದು ಬೇರೆ ಬೇರೆ ಬರೆದು, ಸಹಿ ಮಾಡಿ, ಹತ್ತು ದಿನಗಳೊಳಗೆ ಕೊಡಬೇಕಾಗಿ ವಿನಂತಿ."

ಇತರರಿಗೂ ಬರೆದಿದ್ದೇನೆ ಎಂಬುದನ್ನು ಮುಚ್ಚಿಡದಿರುವುದು ಮೇಲು. ಬಸವಕಲ್ಯಾಣದಂಥ ಊರಿನಲ್ಲಿ ಅದು ಸಂಜೆಯೊಳಗೆ ಹೇಗೂ ತಿಳಿಯುತ್ತದೆ. ಮಾಲು, ಮಜೂರಿಗಳನ್ನು ಬೇರ್ಪಡಿಸಿ ಕೇಳುವುದು ಅದಕ್ಕಿಂತ ಮುಖ್ಯ. 'ಮಾಲು ಸಮೇತ' ಎಂದು ಒಬ್ಬರು ಹೇಳಿದಾಗ ಸಿಂಕು, ನಲ್ಲಿ, ಸ್ವಿಚ್ಚು ಸೇರಿರಬಹುದು. ಇನ್ನೊಬ್ಬರ 'ಮಾಲು ಸಮೇತ'ದಲ್ಲಿ ಸಿಮೆಂಟು, ಮರಳಿನ ಆಚೆಗೆ ಏನೂ ಇಲ್ಲದಿರಬಹುದು.

ಅನಂತರ ಅಳತೆ. ಎಲ್ಲಕ್ಕಿಂತ ಸರಳವೆಂದು ಕಾಣುವ ಅಡುಗೆಕಟ್ಟೆಯ ಗ್ರಾನೈಟಿನಲ್ಲಿಯೇ ತೊಡಕು ಅಡಗಿರುತ್ತದೆ. ಗೋಡೆಗುಂಟ ಟೇಪು ಹಿಡಿದರೆ 10 ಮತ್ತು 6, ಒಟ್ಟು 16 ಅಡಿ. ಅದನ್ನು 2 ಅಡಿ ಅಗಲದಿಂದ ಗುಣಿಸಿದರೆ 32 ಚದರ ಅಡಿ. ಆದರೆ ಮೂಲೆಯ 2 ಅಡಿಗೆ 2 ಅಡಿ ಚೌಕವು ಎರಡೂ ಕಡೆಗೆ ಎಣಿಕೆಯಾಗಿದೆ. ನಿಜವಾದ ಕಲ್ಲು 28 ಚದರ ಅಡಿ ಮಾತ್ರ. ಚದರ ಅಡಿಗೆ 250 ಎಂದರೆ ಸಾವಿರ ರೂಪಾಯಿ ವ್ಯತ್ಯಾಸ, ದೊಡ್ಡದೇನೂ ಅಲ್ಲ; ಆದರೆ ಒಬ್ಬರು ಅಡಿಯುದ್ದದ ಲೆಕ್ಕದಲ್ಲಿಯೂ ಇನ್ನೊಬ್ಬರು ಚದರದ ಲೆಕ್ಕದಲ್ಲಿಯೂ ದರ ಹೇಳಿದಾಗ ಹೋಲಿಕೆಯೇ ಅಸಾಧ್ಯವಾಗುತ್ತದೆ. ಆದುದರಿಂದ ಪತ್ರದಲ್ಲಿ "ಗ್ರಾನೈಟು 28 ಚದರ ಅಡಿ, ಮೂಲೆಯನ್ನು ಒಮ್ಮೆ ಮಾತ್ರ ಎಣಿಸತಕ್ಕದ್ದು, ಮುಂದಿನ ಅಂಚಿನ ಪಾಲಿಶು 12 ಅಡಿ, ಸಿಂಕಿಗೆ ಕೊರೆಯುವ ರಂಧ್ರ 1" ಎಂದು ಬಿಡಿಸಿ ಬರೆಯಬೇಕು. ಅಂಚನ್ನು ಗುಂಡಗೆ ಮಾಡಿ ಹೊಳಪು ಕೊಡುವ ಮಜೂರಿಯೂ ಸಿಂಕಿನ ರಂಧ್ರದ ಮಜೂರಿಯೂ ಕಲ್ಲಿನ ದರದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಬಿಲ್ಲಿನ ಕೊನೆಯಲ್ಲಿ ಅವು ಮೆಲ್ಲಗೆ ತಲೆಯೆತ್ತುತ್ತವೆ.

ಕಟ್ಟೆಯ ಎತ್ತರದ ವಿಷಯದಲ್ಲಿ ಯಜಮಾನರಿಗಿಂತ ಮನೆಯವರ ಮಾತೇ ಪ್ರಮಾಣ. ಗುತ್ತೇದಾರರು ಅಭ್ಯಾಸಬಲದಿಂದ 33 ಇಂಚಿಗೆ ಕಟ್ಟೆಯೇರಿಸುತ್ತಾರೆ. ಒಲೆಗೂ ಸಿಂಕಿಗೂ ಅದು ಸರಿ. ಆದರೆ ನಮ್ಮ ಭಾಗದಲ್ಲಿ ದಿನಬೆಳಗಾದರೆ ಜೋಳದ ರೊಟ್ಟಿ ಬಡಿಯಬೇಕು. ನಿಂತು ಬಡಿಯುವಾಗ ಅಂಗೈಯ ಬಲ ಮೇಲಿನಿಂದ ನೇರವಾಗಿ ಇಳಿಯಬೇಕಾದುದರಿಂದ, ಎತ್ತರದ ಕಟ್ಟೆಯ ಮೇಲೆ ತಿಂಗಳೊಪ್ಪತ್ತು ರೊಟ್ಟಿ ಬಡಿದವರ ಭುಜಗಳು ತಾವೇ ದೂರು ಹೇಳುತ್ತವೆ. "ಅಷ್ಟು ಎತ್ತರ ಮಾಡಿದ್ರ ನಾ ಮತ್ತ ನೆಲದ ಮ್ಯಾಗ ಕುಂತೇ ರೊಟ್ಟಿ ಬಡೀತೀನಿ, ನೋಡ್ರಿ" ಎಂದು ಮನೆಯವರು ಮೊದಲೇ ಹೇಳಿದರೆ ಅದು ಪತ್ರದಲ್ಲಿ ಸೇರಬೇಕು: "6 ಅಡಿಯ ಬದಿಯ ತುದಿಯಲ್ಲಿ 2 ಅಡಿ ಉದ್ದದ ಭಾಗವನ್ನು 29 ಇಂಚು ಎತ್ತರಕ್ಕೆ ಇಳಿಸತಕ್ಕದ್ದು, ಆ ಭಾಗದ ಗ್ರಾನೈಟಿನ ಕೆಳಗೆ ಕಡಪಾ ಕಲ್ಲಿನ ಹಾಸು ಇರಬೇಕು, ಎರಡು ಬದಿಗೂ ನಿಲುವುಕಲ್ಲಿನ ಆಧಾರ ಇರಬೇಕು." ಆಧಾರವಿಲ್ಲದೆ ಚಾಚಿದ ತೆಳುಗಲ್ಲು ದಿನದಿನದ ಹೊಡೆತಕ್ಕೆ ಸೀಳುತ್ತದೆ, ಸೀಳು ಸಾಮಾನ್ಯವಾಗಿ ಸಿಂಕಿನ ರಂಧ್ರದ ಮೂಲೆಯಿಂದ ಆರಂಭವಾಗುತ್ತದೆ, ಏಕೆಂದರೆ ಅಲ್ಲಿ ಕಲ್ಲು ಅತ್ಯಂತ ಕಿರಿದಾಗಿರುತ್ತದೆ. ರೊಟ್ಟಿಯ ಜಾಗ ಸಿಂಕಿನಿಂದ ದೂರವಿರಲಿ ಎಂಬುದೂ ಇದರಿಂದಲೇ ಸಿದ್ಧವಾಗುತ್ತದೆ.

ಟೈಲ್ಸಿನ ಬಾಬು ಇನ್ನೂ ಸ್ವಾರಸ್ಯಕರವಾದುದು. ಕಟ್ಟೆಯ ಮೇಲೆ ಎರಡೇ ಅಡಿ ಎತ್ತರಕ್ಕೆ ಟೈಲ್ಸು ಹಚ್ಚಿದರೆ 16 ಅಡಿಗೆ 32 ಚದರ ಅಡಿ. ನೆಲದಿಂದ 7 ಅಡಿಯವರೆಗೆ ಎಂದರೆ, ಕಟ್ಟೆಯ 2 ಅಡಿ 9 ಇಂಚನ್ನು ಕಳೆದು, 4 ಕಾಲು ಅಡಿ ಎತ್ತರ, ಅಂದರೆ 68 ಚದರ ಅಡಿ. ಬಾಯಿಮಾತಿನಲ್ಲಿ ಎರಡೂ 'ಕಟ್ಟಿ ಮ್ಯಾಲ ಟೈಲ್ಸ್' ಎಂಬ ಒಂದೇ ಮಾತಿನಲ್ಲಿ ಅಡಗಿಹೋಗುತ್ತವೆ. ರೊಟ್ಟಿಗಾಗಿ ಇಳಿಸಿದ ಭಾಗದ ನಾಲ್ಕು ಇಂಚನ್ನು ಇಲ್ಲಿ ಬಿಟ್ಟೇ ಲೆಕ್ಕ ಹಾಕಿದ್ದೇನೆ. ಇನ್ನು ಕಿಟಕಿ: 3 ಅಡಿಗೆ 4 ಅಡಿ, 12 ಚದರ ಅಡಿ ಕಳೆಯಬೇಕೆಂಬುದು ಯಜಮಾನರ ವಾದ. ನಗರಗಳ ತೆಳುಗೋಡೆಗಳಲ್ಲಿ ಈ ವಾದ ನಡೆಯುತ್ತದೆ. ಆದರೆ ಎರಡಡಿ ದಪ್ಪದ ಗೋಡೆಯಲ್ಲಿ ಚೌಕಟ್ಟನ್ನು ಹೊರಮುಖದ ಕಡೆಗೆ ಕೂರಿಸಿದಾಗ ಒಳಗೆ ಒಂದೂವರೆ ಅಡಿ ಆಳದ ಪಕ್ಕೆಗಳು ಉಳಿಯುತ್ತವೆ. ಕೆಳಗಿನ 3 ಅಡಿ, ಎರಡು ಬದಿಯ 4 ಅಡಿಗಳು, ಒಟ್ಟು 11 ಅಡಿಯನ್ನು ಒಂದೂವರೆಯಿಂದ ಗುಣಿಸಿದರೆ 16 ವರೆ ಚದರ ಅಡಿ! ಕಳೆದದ್ದಕ್ಕಿಂತ ಕೂಡಿದ್ದೇ ಹೆಚ್ಚಾಯಿತು. ಹೀಗೆ 68ರಲ್ಲಿ 12 ಹೋಗಿ, 16 ವರೆ ಸೇರಿ, 72 ವರೆ ಚದರ ಅಡಿ ಎಂಬುದು ಪತ್ರದಲ್ಲಿ ಬರೆಯತಕ್ಕ ಅಂಕಿ. ಕತ್ತರಿಸುವಾಗ ಒಡೆದು ಹಾಳಾಗುವ ಟೈಲ್ಸಿಗೆ ಶೇಕಡಾ ಹತ್ತರಷ್ಟು ಹೆಚ್ಚು ಕೊಳ್ಳಬೇಕಾಗುವುದು ನ್ಯಾಯವೇ. ಅದು ಮಾಲಿನ ಲೆಕ್ಕದಲ್ಲಿರಲಿ, ಮಜೂರಿಯನ್ನು ಮಾತ್ರ ಗೋಡೆಗೆ ಅಂಟಿದ ಟೈಲ್ಸಿನ ಮೇಲೆಯೇ ಕೊಡತಕ್ಕದ್ದು ಎಂದು ಒಂದು ವಾಕ್ಯ ಸಾಕು.

ಇವೆಲ್ಲಕ್ಕೂ ಮೇಲಾಗಿ ಈ ಸೀಮೆಯ ಪತ್ರದಲ್ಲಿ ಬಿಡಲೇಬಾರದ ಒಂದು ಬಾಬು ಉಂಟು. ಅದು ಕಿಟಕಿಗಾಗಿ ಒಡೆಯುವ ಗೋಡೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಸಹಸ್ರಾರು ಜನ ಮಡಿದುದು ಕಂಪದ ಬಲವೊಂದರಿಂದಲೇ ಅಲ್ಲ. ನಮ್ಮವೇ ಜಾತಿಯ ಮನೆಗಳು, ಅಂದರೆ ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ, ಮಲಗಿದ್ದವರ ಮೇಲೆ ಕುಸಿದುದರಿಂದ. ಈ ಗೋಡೆ ನೋಡುವುದಕ್ಕೆ ಒಂದೇ. ವಾಸ್ತವವಾಗಿ ಒಳಪದರ, ಹೊರಪದರವೆಂಬ ಎರಡು ಗೋಡೆಗಳು, ನಡುವೆ ಚೂರುಕಲ್ಲು ಮಣ್ಣು. ಎರಡನ್ನೂ ಹಿಡಿದು ಬಿಗಿಯುವ ಆರಪಾರಿನ ಉದ್ದಗಲ್ಲುಗಳಿಲ್ಲದಿದ್ದರೆ ಅವು ಸಮಯ ಬಂದಾಗ ಬೇರೆಬೇರೆಯಾಗುತ್ತವೆ. ಇಂಥ ಗೋಡೆಯಲ್ಲಿ ಕಿಟಕಿಯನ್ನು ಅಗಲಿಸುವಾಗ ಖರ್ಚು ಉಳಿಸುವವರು ಮಾಡುವುದೇನೆಂದರೆ, ಒಳಪದರಕ್ಕೆ ಮಾತ್ರ ಒಂದು ಗಿಡ್ಡ ಲಿಂಟಲನ್ನು ಕೂರಿಸಿ, ಹೊರಪದರದ ಕಲ್ಲುಗಳನ್ನು ಕಿಟಕಿಯ ಚೌಕಟ್ಟಿನ ಮೇಲೆಯೇ ಹೊರಿಸಿಬಿಡುವುದು. ಒಂದೆರಡು ಮಳೆಗಾಲದ ಅನಂತರ ಚೌಕಟ್ಟು ಬಿಗಿಯಾಗಿ ಬಾಗಿಲು ಹಾಕಲು ಬಾರದೆ ಹೋದರೆ, ಹೊರಗೋಡೆಯಲ್ಲಿ ಕಿಟಕಿಯ ಮೇಲ್ಮೂಲೆಗಳಿಂದ ಓರೆಯಾಗಿ ಬಿರುಕು ಏರಿದರೆ, ಅದರ ಕಾರಣ ಇದೇ ಎಂದು ಬಹುಮಟ್ಟಿಗೆ ಶಂಕಿಸಬಹುದು.

ಆದುದರಿಂದ ಉಪಾಧ್ಯಾಯರ ಪತ್ರದಲ್ಲಿ ಹೀಗಿರಲಿ: "ಕಿಟಕಿಯ ಮೇಲಿನ ಲಿಂಟಲು ಗೋಡೆಯ ಪೂರ್ಣ ದಪ್ಪಕ್ಕೆ ಇರಬೇಕು, ಎರಡು ಕಡೆಗೂ ಒಂದೊಂದು ಅಡಿ ಗೋಡೆಯೊಳಗೆ ಕೂರಬೇಕು. ಒಡೆಯುವ ಮುನ್ನ ಮಾಳಿಗೆಯ ತೊಲೆಗಳಿಗೆ ಆಧಾರಗಂಬ ಕೊಡಬೇಕು. ಇದನ್ನು ತಾವು ಯಾವ ಕ್ರಮದಲ್ಲಿ ಮಾಡುವಿರಿ, ಕಂಬಗಳು ಎಷ್ಟು ದಿನ ಇರುವುವು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆಯಿರಿ." ದರಕ್ಕಿಂತಲೂ ಈ ನಾಲ್ಕು ಸಾಲುಗಳೇ ಗುತ್ತೇದಾರನನ್ನು ಹೆಚ್ಚು ಚೆನ್ನಾಗಿ ಪರಿಚಯಿಸುತ್ತವೆ. ಕಿಟಕಿಗಿಂತ ದೊಡ್ಡದನ್ನು ಒಡೆಯುವ ಆಸೆಯಿದ್ದವರು, ಪೇಟೆಯ ಮನೆಗಳಂತೆ ಅಡುಗೆಮನೆ ಪಡಸಾಲೆಗಳನ್ನು ಒಂದು ಮಾಡಹೊರಟವರು, ಯಾವ ಗುತ್ತೇದಾರನಿಗೂ ಪತ್ರ ಬರೆಯುವ ಮೊದಲು ಇಂಜಿನಿಯರರೊಬ್ಬರನ್ನು ಕರೆಸಿ ಗೋಡೆ ತೋರಿಸುವುದು ಲೇಸು.

ಗೋಡೆಯ ತೇವವು ಇನ್ನೊಂದು ಮಾತು. ಕೆಳಗಿನಿಂದ ನೀರನ್ನು ಹೀರಿ ಉಪ್ಪು ಹೊರಹಾಕುವ ಹಳೆಯ ಗೋಡೆಗೆ ಸಿಮೆಂಟು ಬಳಿದು ಟೈಲ್ಸು ಹಚ್ಚಿದರೆ, ತೇವವು ಹೊರಡಲು ದಾರಿ ಕಾಣದೆ ಇನ್ನಷ್ಟು ಮೇಲಕ್ಕೇರುತ್ತದೆ. ಟೈಲ್ಸು ಒಳಗೆ ಪೊಳ್ಳಾಗಿ, ನಾಣ್ಯದಿಂದ ತಟ್ಟಿದರೆ ಟೊಳ್ಳು ದನಿ ಕೊಟ್ಟು, ಕೊನೆಗೆ ಕಳಚುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚುಗಳನ್ನೂ ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಟ್ಟು ನೋಡಬೇಕು: ಹನಿಗಳು ಹಾಳೆಯ ಒಳಮೈಗೆ ಕಂಡರೆ ತೇವವು ಗೋಡೆಯದು, ಹೊರಮೈಗೆ ಕಂಡರೆ ಅಡುಗೆಯ ಹಬೆಯದು. ಫಲಿತಾಂಶವನ್ನು ಪತ್ರದಲ್ಲಿ ಬರೆದುಬಿಟ್ಟರೆ, 'ಗೋಡಿ ಹಿಂಗಿತ್ತಂತ ನಮಗ ಗೊತ್ತೇ ಇರಲಿಲ್ರಿ' ಎಂಬ ಉತ್ತರಕ್ಕೆ ಎಡೆಯಿರುವುದಿಲ್ಲ.

ಹೀಗಿದ್ದರೂ ಹಳೆಯ ಗಿಲಾಯಿಯನ್ನು ಕೆಡವಿದ ಮೇಲೆ ಒಳಗೆ ಏನು ಕಾಣುವುದೆಂದು ಹೇಳಲು ಯಾರಿಂದಲೂ ಆಗದು. ಕಾಣದ ಕೆಲಸಕ್ಕೆ ಮೊತ್ತ ಕೇಳಿದರೆ ಬುದ್ಧಿವಂತ ಗುತ್ತೇದಾರನು ಭಯಕ್ಕೂ ಒಂದು ಬೆಲೆ ಕಟ್ಟಿ ಸೇರಿಸುತ್ತಾನೆ. ದಡ್ಡನು ಸೇರಿಸದೆ ಆಮೇಲೆ ಜಗಳವಾಡುತ್ತಾನೆ. ಅದಕ್ಕೆ ಮೊತ್ತವನ್ನು ಕೇಳದೆ ದರವನ್ನು ಮಾತ್ರ ಕೇಳಬೇಕು: ಗೌಂಡಿಯ ದಿನದ ಪಗಾರ ಎಷ್ಟು, ಕೈಯಾಳಿನದು ಎಷ್ಟು, ಕಲ್ಲು ಬದಲಿಸಿ ಗಾರೆ ತುಂಬಲು ಚದರ ಅಡಿಗೆ ಎಷ್ಟು. ಜೊತೆಗೆ ಒಂದು ನಿಬಂಧನೆ: "ಪತ್ರದಲ್ಲಿಲ್ಲದ ಯಾವ ಕೆಲಸವನ್ನೂ ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಆರಂಭಿಸಬಾರದು." ಇದು ಹಟವೆಂದು ತೋರಬಹುದು. ಆದರೆ 1872ರ ಭಾರತೀಯ ಕರಾರು ಅಧಿನಿಯಮದ 70ನೆಯ ಪ್ರಕರಣದ ಸಾರವೇನೆಂದರೆ, ಒಬ್ಬನು ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಇನ್ನೊಬ್ಬನು ಅನುಭವಿಸಿದರೆ ಅದಕ್ಕೆ ಪರಿಹಾರ ಕೊಡಲು ಅವನು ಬಾಧ್ಯನು. 'ನಾನು ಹೇಳಿರಲಿಲ್ಲ' ಎಂದಷ್ಟೇ ಹೇಳಿ ಹೆಚ್ಚಿನ ಕೆಲಸದ ಹಣವನ್ನು ನಿರಾಕರಿಸಲು ಬರುವುದಿಲ್ಲ; ಕೆಲಸ ನಡೆಯುವಾಗ ಸುಮ್ಮನೆ ನೋಡಿಕೊಂಡು ನಿಂತವನಿಗಂತೂ ಅದು ಇನ್ನೂ ಕಷ್ಟ. ನಿಬಂಧನೆಯನ್ನು ಬರೆದವನು ತಾನೂ ಅದಕ್ಕೆ ಕಟ್ಟುಬಿದ್ದು, ಕಾಗದದ ಚೂರಿನ ಮೇಲಾದರೂ ಹೆಚ್ಚಿನ ಕೆಲಸವನ್ನು ಬರೆದು ಸಹಿ ಹಾಕಿಸಿಕೊಳ್ಳಬೇಕು.

ಉಳಿದ ಬಾಬುಗಳಿಗೆ ಹೆಚ್ಚು ಮಾತು ಬೇಡ. ಸಿಂಕಿನ ಕೆಳಗಿನ ಕಪಾಟಿಗೆ ಐಎಸ್ 710 ಗುರುತಿನ ಪ್ಲೈವುಡ್ಡು ಎಂದು ಗುಣವನ್ನು ಹೆಸರಿಸಿ ಬರೆಯಬೇಕು. 'ಒಳ್ಳೆ ಕಂಪನಿಯದು' ಎಂಬ ಮಾತಿಗೆ ಅರ್ಥವಿಲ್ಲ. ಒಡೆದ ಕಲ್ಲುಮಣ್ಣನ್ನು ಸಾಗಿಸುವವರು ಯಾರು, ಜಿಎಸ್‌ಟಿ ದರದೊಳಗೋ ಹೊರಗೋ, ಕೆಲಸ ಎಷ್ಟು ದಿನ, ದರ ಎಷ್ಟು ದಿನ ನಿಲ್ಲುವುದು ಎಂಬುದನ್ನೂ ಕೇಳಬೇಕು. ಈ ಕೊನೆಯದರಲ್ಲಿ ಒಂದು ಎಚ್ಚರಿಕೆ: ದರ 30 ದಿನ ಊರ್ಜಿತವೆಂದು ಗುತ್ತೇದಾರನು ಬರೆದುಕೊಟ್ಟರೂ, ಆ ಭರವಸೆಗೆ ಪ್ರತಿಫಲವಾಗಿ ಅವನು ಏನನ್ನೂ ಪಡೆದಿಲ್ಲವಾದರೆ, ಯಜಮಾನನ ಒಪ್ಪಿಗೆ ಹೊರಡುವ ಮುಂಚೆ ಅದನ್ನು ಹಿಂತೆಗೆದುಕೊಳ್ಳಲು ಕಾನೂನಿನಲ್ಲಿ ಅವನಿಗೆ ಅವಕಾಶವಿದೆ. ತಡಮಾಡುತ್ತ ಕುಳಿತವರಿಗೆ ಕಾಗದವು ರಕ್ಷೆಯಲ್ಲ.

ಈಗ ಉತ್ತರಗಳು ಬಂದುವೆನ್ನೋಣ. 1,60,000 ಹೇಳಿದ್ದ ಮೊದಲನೆಯವರು 2,04,000 ಬರೆದಿದ್ದಾರೆ. ಅವರು ವಂಚಿಸಿರಲಿಲ್ಲ, ವೈರಿಂಗಿನ 17,000, ಸಿಂಕು ನಲ್ಲಿ ಪೈಪುಗಳ 9,000, ಲಿಂಟಲಿನ 8,000, ಮಣ್ಣು ಸಾಗಣೆಯ 5,000, ಎರಡಡಿಯ ಬದಲು ಪೂರ್ಣ ಎತ್ತರದ ಟೈಲ್ಸಿಗೆ ಮತ್ತೆ 5,000, ಹೀಗೆ 44,000 ಅವರ ಮನಸ್ಸಿನ ಅಡುಗೆಮನೆಯಲ್ಲಿ ಇರಲೇ ಇಲ್ಲ. ಎರಡನೆಯವರು ಲಿಂಟಲನ್ನೂ ಸಾಗಣೆಯನ್ನೂ ಸೇರಿಸಿ 1,98,000ಕ್ಕೆ ಬಂದಿದ್ದಾರೆ. ಹುಮನಾಬಾದಿನವರು ಮಾತ್ರ ಕೆಳಗಿಳಿದಿದ್ದಾರೆ: ಮೂಲೆಯ ಗ್ರಾನೈಟನ್ನು ಎರಡು ಸಲ ಎಣಿಸಿದ್ದ ಸಾವಿರವೊಂದು, ಮೂವತ್ತು ಕಿಲೋಮೀಟರಿನಷ್ಟು ದೂರದಿಂದ ಬರುವ ಗೌಂಡಿಗಳಿಗೆ ತಂಗಲು ಯಜಮಾನರೇ ಹಿತ್ತಲಿನ ಕೋಣೆ ಕೊಡುವುದಾಗಿ ಪತ್ರದಲ್ಲಿ ತಿಳಿಸಿದುದರಿಂದ ಉಳಿದ 2,000, ಎರಡೂ ಕಳೆದು 2,07,000. ಐವತ್ತು ಸಾವಿರದ ಅಂತರವು ಒಂಬತ್ತು ಸಾವಿರಕ್ಕೆ ಇಳಿಯಿತು. ಮೊದಲು ಅತಿ ಅಗ್ಗವೆಂದು ಕಂಡವರು ಈಗ ನಡುವಿನವರು.

ಈ ಒಂಬತ್ತು ಸಾವಿರವೇ ನಿಜವಾದ ಬೆಲೆಯ ವ್ಯತ್ಯಾಸ. ಅದನ್ನು ಲಿಂಟಲಿನ ನಾಲ್ಕು ಸಾಲುಗಳ ಜೊತೆಗೂ ಹಣ ಕೇಳುವ ಕ್ರಮದ ಜೊತೆಗೂ ಇಟ್ಟು ತೂಗಬೇಕು. ಎರಡನೆಯವರು 'ಆಧಾರಗಂಬ ಬೇಕಾಗುವುದಿಲ್ಲ' ಎಂದು ಬರೆದು, ಅರ್ಧ ಹಣವನ್ನು ಮುಂಗಡವಾಗಿ ಕೇಳಿದ್ದಾರೆಂದೂ, ಹುಮನಾಬಾದಿನವರು ಗೋಡೆಯನ್ನು ಒಮ್ಮೆಗೆ ಒಡೆಯದೆ ಒಳಪದರದ ಲಿಂಟಲು ಗಟ್ಟಿಯಾದ ಮೇಲೆ ಹೊರಪದರವನ್ನು ಬಿಡಿಸುವುದಾಗಿ ಬರೆದು, ಶೇಕಡಾ ಹದಿನೈದು ಮುಂಗಡ, ಕಟ್ಟೆ ನಿಂತ ಮೇಲೆ ಒಂದು ಕಂತು, ಟೈಲ್ಸು ಮುಗಿದ ಮೇಲೆ ಒಂದು ಕಂತು, ಉಳಿದ ಶೇಕಡಾ ಹತ್ತನ್ನು ಅಡುಗೆ ಆರಂಭವಾಗಿ ಒಂದು ತಿಂಗಳ ಅನಂತರ ಎಂದು ಒಪ್ಪಿದ್ದಾರೆಂದೂ ಇಟ್ಟುಕೊಂಡರೆ, ನಾನಾದರೆ ಆ ಒಂಬತ್ತು ಸಾವಿರವನ್ನು ಹೆಚ್ಚು ಕೊಟ್ಟು ಹುಮನಾಬಾದಿನವರನ್ನೇ ಕರೆಯುತ್ತೇನೆ. ಬೇರೊಬ್ಬರು ಊರಿನ ಮೊದಲನೆಯವರನ್ನು ಕರೆದು, ಆಧಾರಗಂಬಗಳ ಬಗೆಗೆ ಇನ್ನೊಂದು ಸಲ ಕೇಳಿ ಬರೆಸಿಕೊಂಡರೂ ತಪ್ಪಲ್ಲ; ಕೆಲಸ ಮುಗಿದ ಮೇಲೆ ನಲ್ಲಿ ಸೋರಿದರೆ ಕೂಗಿದಷ್ಟು ದೂರದಲ್ಲಿ ಇರುವವರು ಅವರು.

ಯಾರನ್ನೇ ಆರಿಸಲಿ, ಫೋನಿನಲ್ಲಿ 'ಬರ್ರಿ, ಕೆಲಸ ಸುರು ಮಾಡ್ರಿ' ಎಂದು ಬಿಡುವುದು ಬೇಡ. ತನ್ನ ಪತ್ರದ ಪ್ರತಿಯನ್ನೂ ಗುತ್ತೇದಾರನ ದರಪಟ್ಟಿಯನ್ನೂ ಒಟ್ಟಿಗೆ ಹೊಲಿದು, ಒಪ್ಪಿಗೆಯ ಮೂರು ಸಾಲುಗಳ ಕೆಳಗೆ ಇಬ್ಬರೂ ಸಹಿ ಮಾಡಬೇಕು. ಅವೆರಡರಲ್ಲಿ ಎಲ್ಲಿಯಾದರೂ ವಿರೋಧ ಕಂಡುಬಂದರೆ ಪತ್ರದ ಮಾತೇ ನಡೆಯತಕ್ಕದ್ದೆಂಬ ನಾಲ್ಕನೆಯ ಸಾಲನ್ನೂ ಅಲ್ಲಿಯೇ ಸೇರಿಸಬೇಕು, ಏಕೆಂದರೆ ದರಪಟ್ಟಿಯ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುವ 'ಅಳತೆ ನಮ್ಮ ಕ್ರಮದಂತೆ' ಎಂಬ ಒಂದು ಮಾತಿನಿಂದ 28 ಚದರ ಅಡಿ ಮತ್ತೆ 32 ಆಗಬಲ್ಲುದು.